ಬೆಳಗಿನ ಕಾಫಿ ಕುಡಿದರೇ ಹೊಟ್ಟೆ ಕ್ಲಿಯರ್ ಆಗುವುದಾ? ಎರಡು ವಾರ ಬರೆದಿಟ್ಟು ನೋಡುವ ಬಗೆ

ಕಳೆದ ವರ್ಷ ಒಂದು ದಿನ ನಮ್ಮ ಅಕ್ಕ ಫಾಸ್ಟಿಂಗ್ ರಕ್ತಪರೀಕ್ಷೆಗೆ ಹೋಗಿದ್ದಳು. ರಾತ್ರಿ ಊಟದ ಮೇಲೆ ನೀರು ಬಿಟ್ಟು ಬೇರೇನೂ ಕುಡಿಯಬಾರದು ಅಂತ ಲ್ಯಾಬಿನವರು ಹೇಳಿದ್ದರು. ಬೆಳಿಗ್ಗೆ ಕಾಫಿ ಇಲ್ಲ, ಆದ್ದರಿಂದ ಮೋಷನ್ನೂ ಇಲ್ಲ. ರಕ್ತ ಕೊಟ್ಟು ಹತ್ತು ಗಂಟೆಗೆ ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದರೂ ಏನೂ ಆಗಲಿಲ್ಲ. ಇಡೀ ದಿನ ಹೊಟ್ಟೆ ಕಲ್ಲಿನ ಹಾಗೆ. ಸಾಯಂಕಾಲ ಫೋನ್ ಮಾಡಿ ಕೇಳಿದಳು, "ಕಾಫಿ ಇಲ್ದಿದ್ರೆ ನಂಗೆ ಹೊಟ್ಟೇನೇ ಕೆಲಸ ಮಾಡಲ್ಲ ಕಣೇ. ಇದು ಚಟಾನಾ, ಕಾಯಿಲೇನಾ?"

ನಾನು ಬೆಂಗಳೂರಲ್ಲಿ ಡಯಟಿಷಿಯನ್ ಆಗಿ ಕೆಲಸ ಮಾಡುತ್ತೇನೆ. ಇದೇ ಪ್ರಶ್ನೆಯನ್ನು ಪ್ರತಿ ವಾರ ಯಾರಾದರೂ ಒಬ್ಬರು ಕೇಳುತ್ತಾರೆ, ಅದೂ ಎದ್ದು ಹೊರಡುವ ಹೊತ್ತಿಗೆ, ಬಾಗಿಲ ಹತ್ತಿರ ನಿಂತು, ದನಿ ತಗ್ಗಿಸಿ. ನಾಚಿಕೆ ಪಡುವ ವಿಷಯ ಇದಲ್ಲ. ಅಕ್ಕನಿಗೆ ಏನು ಮಾಡಿಸಿದೆನೋ ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ, ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಮೊದಲು, ಆ ಲೋಟ ಕಾಫಿ ಒಳಗೆ ಏನು ಮಾಡುತ್ತದೆ

ಆರೂವರೆಗೆ ಕುಡಿದ ಕಾಫಿ ಆರೂ ಮುಕ್ಕಾಲಿಗೆ ದೊಡ್ಡ ಕರುಳಿಗೆ ತಲುಪುವುದಿಲ್ಲ. ಅದು ಇನ್ನೂ ಜಠರದಲ್ಲೇ ಇರುತ್ತದೆ. ಆಗ ಹೊರಗೆ ಹೋಗುವುದು ನಿನ್ನೆಯದ್ದು, ಮೊನ್ನೆಯದ್ದು. ಕಾಫಿ ಯಾವುದನ್ನೂ ತೊಳೆದು ಕೆಳಗೆ ತಳ್ಳುವುದಿಲ್ಲ, ಬರೀ ಗಂಟೆ ಬಾರಿಸುತ್ತದೆ.

ಆ ಗಂಟೆ ದೇಹದಲ್ಲಿ ಮೊದಲಿನಿಂದಲೂ ಇದೆ. ರಾತ್ರಿ ನಾವು ಮಲಗಿದಾಗ ದೊಡ್ಡ ಕರುಳೂ ಹೆಚ್ಚುಕಡಿಮೆ ಮಲಗಿರುತ್ತದೆ. ಎಚ್ಚರವಾದ ತಕ್ಷಣ ಅದೂ ಮೈಮುರಿಯಲು ಶುರು ಮಾಡುತ್ತದೆ. ಆಮೇಲೆ ಹೊಟ್ಟೆಗೆ ಏನಾದರೂ ಬಿತ್ತು ಅಂದರೆ ಜಠರದಿಂದ ಕೆಳಗೆ ಸುದ್ದಿ ಹೋಗುತ್ತದೆ, ಹೊಸದು ಬರುತ್ತಿದೆ, ಜಾಗ ಮಾಡು ಅಂತ. ಕರುಳು ಜೋರಾಗಿ ಹಿಂಡಿ, ಇದ್ದದ್ದನ್ನು ಕೆಳಗೆ ಸಾಗಿಸುತ್ತದೆ. ಇಂಥ ದೊಡ್ಡ ಹಿಂಡುವಿಕೆ ದಿನಕ್ಕೆ ಕೆಲವೇ ಸಲ ಆಗುವುದು. ಅದರಲ್ಲೂ ಎದ್ದ ಮೇಲೆ ಮತ್ತು ಊಟ ತಿಂಡಿಯ ಮೇಲೆ ಜಾಸ್ತಿ. ಎದ್ದ ಹೊತ್ತು ಮತ್ತು ಹೊಟ್ಟೆಗೆ ಬಿದ್ದ ಬಿಸಿ ಕಾಫಿ, ಎರಡೂ ಒಟ್ಟಿಗೆ ಬರುವುದರಿಂದಲೇ ಬೆಳಗಿನ ಲೋಟಕ್ಕೆ ಇಷ್ಟು ಹೆಸರು.

ಹಾಗಂತ ಕಾಫಿಯದು ಬರೀ ಹೆಸರಲ್ಲ. 1990ರಲ್ಲಿ ಇಂಗ್ಲೆಂಡಿನಲ್ಲಿ ಮಾಡಿದ ಒಂದು ಅಧ್ಯಯನದಲ್ಲಿ 99 ಆರೋಗ್ಯವಂತ ಯುವಜನರನ್ನು ಕೇಳಿದಾಗ ಶೇಕಡ 29 ಮಂದಿ, ಕಾಫಿ ಕುಡಿದರೆ ಟಾಯ್ಲೆಟ್ಟಿಗೆ ಹೋಗಬೇಕು ಅನಿಸುತ್ತದೆ ಅಂದರು. ಅಂಥವರ ಕರುಳಿನ ಕೆಳಭಾಗದಲ್ಲಿ ಒತ್ತಡ ಅಳೆಯುವ ನಳಿಕೆ ಇಟ್ಟು ನೋಡಿದರೆ, ಕಾಫಿ ಕುಡಿದ 4 ನಿಮಿಷದಲ್ಲೇ ಚಲನೆ ಏರಿತ್ತು. ಕೆಫೀನ್ ತೆಗೆದ ಕಾಫಿಗೂ ಏರಿತು, ಬರೀ ಬಿಸಿನೀರಿಗೆ ಏರಲಿಲ್ಲ. 1998ರಲ್ಲಿ ಅಮೆರಿಕದಲ್ಲಿ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಕಾಫಿಯ ಪರಿಣಾಮ ನೀರಿಗಿಂತ ಶೇಕಡ 60, ಕೆಫೀನ್ ಇಲ್ಲದ ಕಾಫಿಗಿಂತ ಶೇಕಡ 23 ಜಾಸ್ತಿ ಕಂಡಿತು. ಅಂದರೆ ಕೆಫೀನ್ ಒಂದೇ ಕಾರಣ ಅಲ್ಲ. ಹುರಿದ ಬೀಜದಲ್ಲಿರುವ ಬೇರೆ ಅಂಶಗಳೂ ಜಠರದಲ್ಲಿ ಹಾರ್ಮೋನುಗಳನ್ನು ಎಬ್ಬಿಸಿ ಈ ಕೆಲಸಕ್ಕೆ ಕೈ ಜೋಡಿಸುತ್ತಿರಬಹುದು.

ಆದರೆ ಅಲ್ಲಿ ಕೊಟ್ಟದ್ದು ಹಾಲು ಹಾಕದ ಕಪ್ಪು ಕಾಫಿ. ನಮ್ಮ ದರ್ಶಿನಿಯ ಲೋಟದಲ್ಲಿ ಇರುವುದು ಸ್ವಲ್ಪ ಡಿಕಾಕ್ಷನ್, ಅದರಲ್ಲೂ ಒಂದಿಷ್ಟು ಚಿಕೋರಿ, ಮಿಕ್ಕದ್ದು ಹಾಲು, ಸಕ್ಕರೆ. ಬೈಟು ಆದರೆ ಅದರಲ್ಲೂ ಅರ್ಧ. ಆ ಲೆಕ್ಕವನ್ನು ಹಾಗೇ ಎತ್ತಿ ನಮ್ಮ ಲೋಟಕ್ಕೆ ಹಾಕಲು ಆಗುವುದಿಲ್ಲ. ಟೀ ಕುಡಿಯುವವರ ವಿಷಯದಲ್ಲಂತೂ ಇಷ್ಟು ಸ್ಪಷ್ಟವಾದ ಅಳತೆಯೇ ಇಲ್ಲ. ಟೀಯಲ್ಲಿ ಕೆಫೀನ್ ಕಡಿಮೆ. ಅಲ್ಲಿ ಬಿಸಿ, ಹೊತ್ತು, ಹಾಲು, ಜೊತೆಗೆ ವರ್ಷಗಟ್ಟಲೆಯ ರೂಢಿ ಇವೇ ಮುಖ್ಯ ಅನ್ನುವುದು ನನ್ನ ಅನಿಸಿಕೆ. ಅದಕ್ಕೇ ಊಹೆ ಮಾಡುವ ಬದಲು ನಿಮ್ಮ ದೇಹವನ್ನೇ ಕೇಳಿ ನೋಡಬೇಕು.

ಹಾಗಾದರೆ ಅವಲಂಬಿಸುವುದು ತಪ್ಪಾ?

ನೇರವಾಗಿ ಹೇಳುತ್ತೇನೆ. ದಿನಾ ಒಂದು ಲೋಟ ಕುಡಿದು, ಮುಕ್ಕದೆ ತಿಣುಕದೆ ಐದು ನಿಮಿಷದಲ್ಲಿ ಮುಗಿಸಿ ಬರುತ್ತೀರಿ ಅಂದರೆ ಅದರಲ್ಲಿ ತಪ್ಪೇನಿಲ್ಲ. ಕಾಫಿ ಕುಡಿದು ಕುಡಿದು ಕರುಳು ಸೋಮಾರಿ ಆಗುತ್ತದೆ ಅಂತ ತುಂಬಾ ಜನ ಹೆದರಿಸುತ್ತಾರೆ, ಅದಕ್ಕೆ ಆಧಾರ ನಾನು ಕಂಡಿಲ್ಲ. ಗಂಟೆ ಬಾರಿಸಿದ್ದಕ್ಕೆ ಕರುಳು ಓಗೊಡುತ್ತಿದೆ, ಅಷ್ಟೇ.

ಚಿಂತೆ ಮಾಡಬೇಕಾದ್ದು ಗಂಟೆ ಸಾಲದೆ ಬಂದಾಗ. ಮೊದಲು ಒಂದು ಲೋಟ ಸಾಕಿತ್ತು, ಈಗ ಎರಡು, ಕೆಲವು ದಿನ ಮೂರು. ಕಾಫಿ ಕುಡಿದ ಮೇಲೂ ಮುಕ್ಕಬೇಕು. ಕಾಫಿ ತಪ್ಪಿದರೆ ಒಂದು ದಿನ ಅಲ್ಲ, ಮೂರು ದಿನ ಆಗುವುದಿಲ್ಲ. ಇಂಥ ಕಡೆ ಕಾಫಿ ಒಳಗಿನ ಮಲಬದ್ಧತೆಯನ್ನು ಮುಚ್ಚಿಡುತ್ತಿದೆ ಅಂತ ಅರ್ಥ. ಅಕ್ಕನದು ಈ ಕಥೆ.

ಮೊದಲನೇ ವಾರ: ಏನೂ ಬದಲಾಯಿಸದೆ ಬರೆಯಿರಿ

ಒಂದು ಹಳೇ ಡೈರಿ ತಗೊಳ್ಳಿ. ಏಳು ದಿನ, ಭಾನುವಾರವೂ ಸೇರಿ, ಬೆಳಿಗ್ಗೆ ಎದ್ದ ಹೊತ್ತು, ಏನೇನು ಎಷ್ಟು ಹೊತ್ತಿಗೆ ಕುಡಿದಿರಿ ತಿಂದಿರಿ, ಹೋಗಬೇಕು ಅನಿಸಿದ್ದು ಯಾವಾಗ, ಎಷ್ಟು ನಿಮಿಷ ಕೂತಿರಿ, ಮುಕ್ಕಬೇಕಾಯಿತಾ, ಮಲ ಹೇಗಿತ್ತು ಅಂತ ಬರೆಯಿರಿ. ಮಾತ್ರೆ ತಗೊಳ್ಳುವವರು ಅದರ ಹೊತ್ತನ್ನೂ ಬರೆಯಲೇಬೇಕು. ಹಿಂದಿನ ರಾತ್ರಿ ಏನು ಊಟ ಮಾಡಿದಿರಿ ಅನ್ನುವುದೂ ಒಂದು ಸಾಲು ಇರಲಿ.

ಮಲ ಹೇಗಿತ್ತು ಅನ್ನುವುದಕ್ಕೆ ಡಾಕ್ಟರುಗಳು ಬ್ರಿಸ್ಟಲ್ ಪಟ್ಟಿ ಅಂತ ಒಂದು ಬಳಸುತ್ತಾರೆ, 1ರಿಂದ 7ರವರೆಗೆ. ಅದನ್ನು ಹೀಗೆ ನೆನಪಿಟ್ಟುಕೊಳ್ಳಿ. 1 ಅಂದರೆ ಮೇಕೆ ಹಿಕ್ಕೆಯ ಹಾಗೆ ಬಿಡಿಬಿಡಿ ಗಟ್ಟಿ ಉಂಡೆಗಳು. 2 ಅಂದರೆ ಆ ಉಂಡೆಗಳೇ ಅಂಟಿಕೊಂಡ ಗಂಟುಗಂಟು ಕೋಲು. 3 ಮತ್ತು 4 ಸರಿಯಾದದ್ದು, ಉದ್ದಕ್ಕೆ ಮೆತ್ತಗೆ, ಸಿಪ್ಪೆ ಸುಲಿದ ಬಾಳೆಹಣ್ಣಿನ ಹಾಗೆ. 5 ಅಂದರೆ ಮೆತ್ತನೆಯ ತುಂಡುಗಳು. 6 ಮುದ್ದೆಯಾಗಿ ಹರಡುವುದು. 7 ಪೂರ್ತಿ ನೀರು. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಆಗುವುದು ಮಾಮೂಲು ಅಂತಲೇ ಲೆಕ್ಕ. ಆದ್ದರಿಂದ ಎಷ್ಟು ಸಲ ಅನ್ನುವುದಕ್ಕಿಂತ ಎಷ್ಟು ಮೆತ್ತಗೆ, ಎಷ್ಟು ಸಲೀಸು ಅನ್ನುವುದನ್ನು ನೋಡಿ.

ಅಕ್ಕನಿಗೆ 46 ವರ್ಷ. ವಿಜಯನಗರದಲ್ಲಿ ಮನೆ, ವೈಟ್‌ಫೀಲ್ಡಿನಲ್ಲಿ ಆಫೀಸು. ಮೆಟ್ರೊದಲ್ಲಿ ಒಂದು ಗಂಟೆಗೂ ಜಾಸ್ತಿ. ನಡುವೆ ಇಳಿದು ಟಾಯ್ಲೆಟ್ ಹುಡುಕುವುದು ಅವಳಿಂದ ಆಗದ ಮಾತು, ಹಾಗಾಗಿ ಏಳು ಗಂಟೆಗೆ ಮನೆ ಬಿಡುವುದರೊಳಗೆ ಮುಗಿಸಲೇಬೇಕು ಅನ್ನುವ ಆತುರ. ಅವಳ ಡೈರಿಯ ಒಂದು ಪುಟ ಹೀಗಿತ್ತು: "ಮಂಗಳವಾರ. 5.40 ಎದ್ದೆ. 5.45 ಥೈರಾಯ್ಡ್ ಮಾತ್ರೆ. 5.55 ಕಾಫಿ. 6.20 ಎರಡನೇ ಕಾಫಿ. 6.35 ಹೋದೆ. 18 ನಿಮಿಷ, ಫೋನ್ ನೋಡುತ್ತಾ. ಮುಕ್ಕಿದೆ. ನಂಬರ್ 2. ನಿನ್ನೆ ರಾತ್ರಿ ಅನ್ನ, ತಿಳಿಸಾರು, ಮಜ್ಜಿಗೆ."

ಕೆಲಸದ ಆರು ದಿನದಲ್ಲಿ ಎರಡು ದಿನ ಎರಡು ಲೋಟ ಕುಡಿದರೂ ಏನೂ ಆಗಿರಲಿಲ್ಲ. ಗುರುವಾರ ಮೂರನೇ ಲೋಟ. ಆದರೆ ಭಾನುವಾರದ ಪುಟವೇ ಬೇರೆ. ಅವತ್ತು 7.30ಕ್ಕೆ ಎದ್ದಿದ್ದಳು. 8 ಗಂಟೆಗೆ ಒಂದೇ ಲೋಟ ಕಾಫಿ. ತರಕಾರಿಗೆ ಅಂತ ಮಾರ್ಕೆಟ್ಟಿಗೆ ನಡೆದು ಹೋಗಿ ಬಂದಳು. 9.15ಕ್ಕೆ ಇಡ್ಲಿ. 9.40ಕ್ಕೆ ತಾನಾಗಿಯೇ ಅನಿಸಿತು, ನಾಲ್ಕು ನಿಮಿಷದಲ್ಲಿ ಮುಗಿಯಿತು, ಮುಕ್ಕಲಿಲ್ಲ.

ಈ ಒಂದು ಪುಟಕ್ಕಾಗಿಯೇ ಭಾನುವಾರವನ್ನೂ ಬರೆಯಿರಿ ಅನ್ನುವುದು. ಅವತ್ತು ಕಾಫಿ ಕಡಿಮೆ, ಆದರೆ ಎದ್ದು ಎರಡು ಗಂಟೆ ಹೊತ್ತು ಸಿಕ್ಕಿತು, ಕಾಲು ಆಡಿತು, ಹೊಟ್ಟೆಗೆ ತಿಂಡಿ ಬಿತ್ತು. ಮಿಕ್ಕ ದಿನ ಇದ್ಯಾವುದೂ ಇಲ್ಲದೆ ಕಾಫಿಯೊಂದರ ತಲೆ ಮೇಲೆ ಇಡೀ ಕೆಲಸ ಹೊರಿಸಿದ್ದಳು.

ಮಾತ್ರೆ ಮತ್ತು ಕಾಫಿ: ಇದನ್ನು ದಾಟಿ ಹೋಗಬೇಡಿ

ಡೈರಿ ನೋಡುತ್ತಾ ನನ್ನ ಕಣ್ಣು ನಿಂತದ್ದು 5.45 ಮತ್ತು 5.55ರ ಮೇಲೆ. ಥೈರಾಯ್ಡ್ ಮಾತ್ರೆಯನ್ನು, ಅಂದರೆ ಲೆವೊಥೈರಾಕ್ಸಿನ್ ಅನ್ನು, ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತಗೊಳ್ಳಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ. ಕಾಫಿ ಬೇಗ ಹೋದರೆ ಮಾತ್ರೆ ಕರುಳಿನಲ್ಲಿ ಪೂರ್ತಿ ಹೀರಿಕೊಳ್ಳುವುದಿಲ್ಲ. ತಿಂದ ಮಾತ್ರೆಯಲ್ಲಿ ಒಂದು ಪಾಲು ಸುಮ್ನೆ ಹೊರಗೆ ಹೋಗುತ್ತದೆ.

ಈಗ ಸುತ್ತು ನೋಡಿ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಕರುಳು ನಿಧಾನ ಆಗುತ್ತದೆ, ಮಲಬದ್ಧತೆ ಅದರ ಮಾಮೂಲು ಲಕ್ಷಣ. ಮೋಷನ್ ಆಗುತ್ತಿಲ್ಲ ಅಂತ ಅಕ್ಕ ಮಾತ್ರೆ ನುಂಗಿದ ಹತ್ತೇ ನಿಮಿಷಕ್ಕೆ ಕಾಫಿ ಕುಡಿಯುತ್ತಿದ್ದಳು. ಕಾಫಿ ಮಾತ್ರೆಯನ್ನು ಕೆಲಸ ಮಾಡಲು ಬಿಡುತ್ತಿರಲಿಲ್ಲ. ಮಾತ್ರೆ ಕೆಲಸ ಮಾಡದೆ ಮೋಷನ್ ಇನ್ನಷ್ಟು ಗಟ್ಟಿ. ಅದಕ್ಕೆ ಇನ್ನೊಂದು ಲೋಟ. ಅವತ್ತಿನ ಫಾಸ್ಟಿಂಗ್ ರಿಪೋರ್ಟಿನಲ್ಲಿ ಟಿಎಸ್‌ಎಚ್ 8ರ ಮೇಲಿತ್ತು. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಷ್ಟೂ ಏರುವ ಸಂಖ್ಯೆ ಅದು, ಅಂದರೆ ಮಾತ್ರೆ ಸಾಲುತ್ತಿಲ್ಲ. ಅವಳ ಡಾಕ್ಟರಿಗೆ ಈ ಡೈರಿ ತೋರಿಸಿದಾಗ ಅವರು ಡೋಸ್ ಏರಿಸಲಿಲ್ಲ. ಮೊದಲು ಒಂದು ಗಂಟೆ ಅಂತರ ಇಟ್ಟು ಎಂಟು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಅಂದರು. ನೀವೂ ಡೋಸನ್ನು ನೀವೇ ಏರಿಸಲು, ಇಳಿಸಲು ಹೋಗಬೇಡಿ.

ಕಬ್ಬಿಣದ ಮಾತ್ರೆಯ ವಿಷಯವೂ ಹತ್ತಿರ ಹತ್ತಿರ ಇದೇ. ಕಾಫಿ ಟೀ ಎರಡೂ ಕಬ್ಬಿಣಾಂಶವನ್ನು ಹಿಡಿದಿಟ್ಟು ಹೀರಿಕೊಳ್ಳಲು ಬಿಡುವುದಿಲ್ಲ, ಟೀ ಇನ್ನೂ ಜಾಸ್ತಿ. ಜೊತೆಗೆ ಆ ಮಾತ್ರೆಯೇ ಮಲವನ್ನು ಗಟ್ಟಿ ಮತ್ತು ಕಪ್ಪು ಮಾಡುತ್ತದೆ. ಊಟ ತಿಂಡಿಗೆ ಒಂದು ಗಂಟೆ ಮುಂಚೆ ಮತ್ತು ಒಂದು ಗಂಟೆ ಆಮೇಲೆ ಕಾಫಿ ಟೀ ಬೇಡ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ರಕ್ತ ಕಡಿಮೆ ಇರುವವರು ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ. ನಿಮಗೆ ಕಾಫಿ ಮೊದಲು, ತಿಂಡಿ ಒಂದು ಗಂಟೆ ಬಿಟ್ಟು ಅನ್ನುವ ಕ್ರಮವೇ ಸರಿ.

ಎರಡನೇ ವಾರ: ಕಾಫಿಯನ್ನು ಹಿಂದಕ್ಕೆ ತಳ್ಳಿ

ಈ ವಾರ ಒಂದೇ ಬದಲಾವಣೆ. ಎದ್ದ ತಕ್ಷಣ ಒಂದು ದೊಡ್ಡ ಲೋಟ ನೀರು, ಬೆಚ್ಚಗೆ ಬೇಕಾದರೆ ಬೆಚ್ಚಗೆ. ಮಾತ್ರೆ ಇದ್ದರೆ ಅದರ ಜೊತೆಗೇ. ಕಾಫಿ ಟೀ ಬಿಡುವುದು ಬೇಡ, ಒಂದು ಗಂಟೆ ತಡವಾಗಿ ಕುಡಿಯಿರಿ. ಆ ಒಂದು ಗಂಟೆ ಮತ್ತೆ ಹಾಸಿಗೆಗೆ ಹೋಗದೆ ಓಡಾಡಿಕೊಂಡಿರಿ. ಬಾಗಿಲಿಗೆ ನೀರು ಹಾಕುವುದು, ರಂಗೋಲಿ, ಹಾಲು ತರುವುದು, ಡಬ್ಬಿ ಕಟ್ಟುವುದು ಎಲ್ಲಾ ಲೆಕ್ಕಕ್ಕೆ ಬರುತ್ತದೆ. ಬರೆಯುವುದನ್ನು ನಿಲ್ಲಿಸಬೇಡಿ.

ಅಕ್ಕ ಇದಕ್ಕಾಗಿ ಹತ್ತು ನಿಮಿಷ ಬೇಗ, 5.30ಕ್ಕೆ ಎದ್ದಳು. 5.30ಕ್ಕೆ ಮಾತ್ರೆ ಮತ್ತು ನೀರು, 6.30ಕ್ಕೆ ಒಂದು ಲೋಟ ಕಾಫಿ, ಅದಾದ ಹತ್ತು ನಿಮಿಷಕ್ಕೆ ಎರಡು ಇಡ್ಲಿಯೋ ಒಂದು ದೋಸೆಯೋ. ಅವಳಿಗೆ ರಕ್ತಹೀನತೆ ಇಲ್ಲ, ಹಾಗಾಗಿ ತಿಂಡಿ ಹತ್ತಿರ ಬಂದರೂ ನಾನು ಬೇಡ ಅನ್ನಲಿಲ್ಲ. ಮೊದಲ ಎರಡು ದಿನ ತಲೆನೋವು ಅಂತ ಗೊಣಗಿದಳು. ಎರಡು ಮೂರು ಲೋಟದಿಂದ ಒಂದಕ್ಕೆ ಇಳಿದದ್ದಕ್ಕೆ ಅದು. ಕೆಫೀನ್ ಇದ್ದಕ್ಕಿದ್ದಂತೆ ಕಡಿಮೆಯಾದರೆ ಒಂದು ದಿನದೊಳಗೆ ತಲೆನೋವು ಶುರುವಾಗುವುದು ಮಾಮೂಲು. ಜಾಸ್ತಿ ಕುಡಿಯುವವರು ಒಂದೇ ಸಲ ಇಳಿಸುವ ಬದಲು ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಲೋಟದ ಹಾಗೆ ಕಡಿಮೆ ಮಾಡುತ್ತಾ ಬನ್ನಿ.

ವಾರದ ಕೊನೆಗೆ ಎರಡೂ ವಾರದ ಪುಟಗಳನ್ನು ಪಕ್ಕಪಕ್ಕ ಇಟ್ಟು ಓದಿ. ಕಾಫಿಗೆ ಮುಂಚೆಯೇ, ನೀರು ಕುಡಿದು ಓಡಾಡುವಾಗಲೇ ಅನಿಸಿದ್ದರೆ ನಿಮಗೆ ಗಂಟೆ ಬಾರಿಸುತ್ತಿದ್ದದ್ದು ಎಚ್ಚರ ಮತ್ತು ಓಡಾಟ, ಕಾಫಿ ಪಕ್ಕದಲ್ಲಿ ನಿಂತಿತ್ತು ಅಷ್ಟೇ. ಕಾಫಿ ಕುಡಿದ ಮೇಲೆಯೇ ಅನಿಸಿದರೂ 3 ಅಥವಾ 4ನೇ ನಂಬರಿನ ಹಾಗೆ ಸಲೀಸಾಗಿ ಆಯಿತು ಅಂದರೆ ನಿಮ್ಮ ದೇಹ ಕಾಫಿಗೆ ಓಗೊಡುವ ಗುಂಪಿನದು. ಒಂದು ಲೋಟ ನೆಮ್ಮದಿಯಾಗಿ ಕುಡಿಯಿರಿ. ಕಾಫಿ ಯಾವಾಗ ಕುಡಿದರೂ ಮಲ ಮಾತ್ರ 1, 2ರಲ್ಲೇ ನಿಂತಿದ್ದರೆ ತೊಂದರೆ ಗಂಟೆಯಲ್ಲಿ ಇಲ್ಲ, ಸರಕಿನಲ್ಲಿ ಇದೆ. ಅಕ್ಕನಿಗೆ ಹೊತ್ತು ಬದಲಾಯಿಸಿದ ಮೇಲೆ ದಿನಾ ಅನಿಸಲು ಶುರುವಾಯಿತು, ಆದರೆ ಗಟ್ಟಿ ಹೋಗಲಿಲ್ಲ. ಹಾಗಾಗಿ ಅವಳು ಮುಂದಿನ ಹೆಜ್ಜೆಗೆ ಬರಬೇಕಾಯಿತು.

ಇನ್ನೊಂದು ತರಹದವರೂ ಇದ್ದಾರೆ. ಕಾಫಿ ಕುಡಿದರೆ ಒಂದಲ್ಲ, ಎರಡು ಮೂರು ಸಲ ಓಡಬೇಕು, ಹೊಟ್ಟೆ ಗುಡುಗುಡು, ಗ್ಯಾಸ್, 6ನೇ ನಂಬರು. ಇದನ್ನು ಹೊಟ್ಟೆ ಚೆನ್ನಾಗಿ ಕ್ಲಿಯರ್ ಆಗುತ್ತಿದೆ ಅಂತ ಸಂತೋಷ ಪಡುವವರು ನನ್ನ ಹತ್ತಿರ ಬರುತ್ತಾರೆ. ಅವರಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣ ಆಗದೇ ಇರಬಹುದು, ನಮ್ಮ ದಕ್ಷಿಣದ ಕಡೆ ಇದು ತುಂಬಾ ಜನರಿಗೆ ಇದೆ. ಮೂರು ದಿನ ಹಾಲಿಲ್ಲದ ಡಿಕಾಕ್ಷನ್ ಅಥವಾ ಕಪ್ಪು ಟೀ, ಆಮೇಲೆ ಮೂರು ದಿನ ಕಾಫಿ ಬಿಟ್ಟು ಅದೇ ಅಳತೆಯ ಬಿಸಿ ಹಾಲು. ಯಾವ ಮೂರು ದಿನ ಹೊಟ್ಟೆ ಕೆಟ್ಟಿತು ಅನ್ನುವುದರಲ್ಲೇ ಉತ್ತರ ಇರುತ್ತದೆ. ಒಂದು ಲೋಟಕ್ಕೆ ಬೀಳುವ ಹಾಲು ಕಡಿಮೆ, ಅಷ್ಟನ್ನು ತುಂಬಾ ಜನ ತಡೆದುಕೊಳ್ಳುತ್ತಾರೆ. ಆದ್ದರಿಂದ ಪರೀಕ್ಷೆ ಮಾಡದೆ ಹಾಲು ಬಿಡಬೇಡಿ.

ಬೆಳಿಗ್ಗೆ ಆಗಬೇಕಾದ್ದು ಹಿಂದಿನ ರಾತ್ರಿ ಶುರುವಾಗುತ್ತದೆ

ಅಕ್ಕನ ಎರಡು ವಾರದ ರಾತ್ರಿ ಊಟ ಓದಿದರೆ ಅನ್ನ, ತಿಳಿಸಾರು, ಮಜ್ಜಿಗೆ, ಅನ್ನ, ಹಪ್ಪಳ, ಮೊಸರು. ಬೆಳಿಗ್ಗೆ ಇಡ್ಲಿ ದೋಸೆ, ಮಧ್ಯಾಹ್ನ ಆಫೀಸಿನಲ್ಲಿ ಚಿತ್ರಾನ್ನ ಅಥವಾ ಪಲಾವ್. ಎಲ್ಲಾ ಪಾಲಿಶ್ ಅಕ್ಕಿ. 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಹತ್ತಿರ ಇದ್ದರೆ ಅಷ್ಟೇ ರಾಗಿಯಲ್ಲಿ 11 ಗ್ರಾಂ. ದಿನಕ್ಕೆ ಬೇಕಾದ್ದು 25ರಿಂದ 30 ಗ್ರಾಂ. ಕರುಳಿನಲ್ಲಿ ಮಲಕ್ಕೆ ಗಾತ್ರ, ಮೆದು ಬರುವುದೇ ನಾರು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ. ಸರಕೇ ಇಲ್ಲದಿದ್ದರೆ ಗಂಟೆ ಎಷ್ಟು ಬಾರಿಸಿದರೂ ಬಸ್ ಖಾಲಿಯೇ.

ನಾನು ಹೇಳಿದ್ದು ಇಷ್ಟು. ವಾರದಲ್ಲಿ ನಾಲ್ಕು ರಾತ್ರಿ ಅನ್ನದ ಬದಲು ಮುದ್ದೆ, ಜೊತೆಗೆ ಸೊಪ್ಪಿನ ಬಸ್ಸಾರು ಅಥವಾ ಕಾಳಿನ ಹುಳಿ. ಬಸಿದ ಸೊಪ್ಪು ಕಾಳನ್ನು ಪಲ್ಯ ಮಾಡಿ ಅದನ್ನೂ ತಿನ್ನಬೇಕು, ಬರೀ ಸಾರು ಕಲಸಿಕೊಂಡು ಎದ್ದರೆ ನಾರು ಪಾತ್ರೆಯಲ್ಲೇ ಉಳಿಯುತ್ತದೆ. ಮಧ್ಯಾಹ್ನ ಸೌತೆಕಾಯಿ ಹೆಸರುಬೇಳೆ ಕೋಸಂಬರಿ ಒಂದು ಡಬ್ಬಿ. ಸಾಯಂಕಾಲ ಬಿಸ್ಕತ್ತಿನ ಬದಲು ಒಂದು ಸೀಬೆಹಣ್ಣು ಅಥವಾ ಪರಂಗಿ. ಎಲ್ಲಾ ಒಂದೇ ದಿನ ಶುರು ಮಾಡಿದರೆ ಗ್ಯಾಸ್ ತುಂಬಿ, ಇದು ನನಗೆ ಆಗಿಬರಲ್ಲ ಅಂತ ಬಿಟ್ಟುಬಿಡುತ್ತೀರಿ. ಅದಕ್ಕೆ ನಾಲ್ಕೈದು ದಿನಕ್ಕೆ ಒಂದೊಂದೇ ಸೇರಿಸಿ. ಎಸಿ ಆಫೀಸಿನಲ್ಲಿ ಬಾಯಾರಿಕೆಯೇ ಗೊತ್ತಾಗುವುದಿಲ್ಲ, ಮೇಜಿನ ಮೇಲೆ ಒಂದು ಲೀಟರಿನ ಬಾಟಲಿ ಇಟ್ಟು ಸಂಜೆಯೊಳಗೆ ಖಾಲಿ ಮಾಡಿ.

ಇದರಲ್ಲೂ ಆಗದಿದ್ದರೆ ಇಸಬ್‌ಗೋಲ್ ಇದೆ. ಒಂದು ಟೀ ಚಮಚ, ಪೂರ್ತಿ ಒಂದು ಲೋಟ ನೀರಿಗೆ ಹಾಕಿ, ಗಟ್ಟಿಯಾಗುವ ಮುಂಚೆ ಕುಡಿದು, ಮೇಲೆ ಇನ್ನಷ್ಟು ನೀರು. ನೀರು ಕಡಿಮೆ ಹಾಕಿದರೆ ಅದೇ ಒಳಗೆ ಕಟ್ಟಿಕೊಳ್ಳುತ್ತದೆ. ಮಾತ್ರೆಗಳಿಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಸೋನಾಮುಖಿ ಎಲೆ ಇರುವ ಪುಡಿಗಳನ್ನು ದಿನಾ ತಗೊಳ್ಳುವುದು ಬೇರೆ ವಿಷಯ. ಅದು ಕರುಳನ್ನು ಕೆರಳಿಸಿ ಕೆಲಸ ಮಾಡಿಸುವ ಔಷಧಿ. ಡಾಕ್ಟರನ್ನು ಕೇಳದೆ ವಾರಗಟ್ಟಲೆ ಎಳೆಯಬೇಡಿ.

ಕೂರುವ ರೀತಿ

ಕಾಫಿ ಅಥವಾ ತಿಂಡಿ ಆದ ಹದಿನೈದು ಇಪ್ಪತ್ತು ನಿಮಿಷಕ್ಕೆ, ದಿನಾ ಅದೇ ಹೊತ್ತಿಗೆ ಹೋಗಿ ಕೂರಿ. ಕಮೋಡ್ ಆದರೆ ಸ್ನಾನಕ್ಕೆ ಕೂರುವ ಪ್ಲಾಸ್ಟಿಕ್ ಸ್ಟೂಲನ್ನು ಕಾಲ ಕೆಳಗೆ ಇಟ್ಟುಕೊಳ್ಳಿ. ಮಂಡಿ ಸೊಂಟಕ್ಕಿಂತ ಮೇಲೆ ಬರಬೇಕು, ಸ್ವಲ್ಪ ಮುಂದಕ್ಕೆ ಬಗ್ಗಿ ಮೊಣಕೈಗಳನ್ನು ತೊಡೆ ಮೇಲೆ ಊರಬೇಕು. ಕಮೋಡಿನ ಮೇಲೆ ನೆಟ್ಟಗೆ ಕೂತರೆ ಗುದನಾಳದ ತುದಿ ಬಾಗಿಯೇ ಇರುತ್ತದೆ. ಕುಕ್ಕರಗಾಲಲ್ಲಿ ಕೂತ ಹಾಗಾದರೆ ಆ ಬಾಗು ನೆಟ್ಟಗಾಗಿ ದಾರಿ ಬಿಡುತ್ತದೆ. ಫೋನ್ ಹೊರಗೇ ಇರಲಿ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ, ಮುಕ್ಕಿ ಮುಕ್ಕಿ ಕೂರುವುದೇ ಮೂಲವ್ಯಾಧಿಗೆ ದಾರಿ. ಬೇರೆ ಯಾವುದೇ ಹೊತ್ತಿನಲ್ಲಿ ಅನಿಸಿದರೂ, ಆಫೀಸಿನಲ್ಲಾದರೂ, ತಡೆಯದೆ ಹೋಗಿ. ಪದೇಪದೇ ತಡೆದರೆ ಆ ಕರೆಯೇ ಮಂಕಾಗುತ್ತಾ ಹೋಗುತ್ತದೆ.

ಕಾಫಿ ಸಿಗದ ದಿನ

ರಕ್ತಪರೀಕ್ಷೆ, ಉಪವಾಸ, ರಾತ್ರಿ ಬಸ್ಸಿನ ಪ್ರಯಾಣ. ಫಾಸ್ಟಿಂಗ್ ಪರೀಕ್ಷೆಗೆ ಸಾಮಾನ್ಯವಾಗಿ ಬರೀ ನೀರು ಕುಡಿಯಬಹುದು, ಲ್ಯಾಬಿನವರನ್ನು ಒಮ್ಮೆ ಕೇಳಿಕೊಳ್ಳಿ. ಒಂದು ದೊಡ್ಡ ಲೋಟ ಕುಡಿದು ಹತ್ತು ನಿಮಿಷ ನಡೆಯಿರಿ, ಅನಿಸಿದರೆ ಸರಿ. ಇಲ್ಲವಾದರೆ ಪರೀಕ್ಷೆ ಮುಗಿದ ಮೇಲೆ ಬರೀ ಕಾಫಿ ಕುಡಿಯದೆ ಹೊಟ್ಟೆ ತುಂಬಾ ತಿಂಡಿ ತಿನ್ನಿ, ದೊಡ್ಡ ಊಟಕ್ಕೂ ಕಾಫಿಯಷ್ಟೇ ಗಂಟೆ ಬಾರಿಸುವ ಶಕ್ತಿ ಇದೆ. ಅವತ್ತು ಆಗದೇ ಹೋದರೆ ನಾಳೆ ಆಗುತ್ತದೆ. ಒಂದು ದಿನ ತಪ್ಪಿದ್ದಕ್ಕೆ ಭೇದಿ ಮಾತ್ರೆ ನುಂಗಬೇಡಿ.

ಎಷ್ಟು ಕಾಫಿ ಅನ್ನುವುದಕ್ಕೆ ಮಿತಿ ಐಸಿಎಂಆರ್ ಹೇಳುವ ದಿನಕ್ಕೆ 300 ಮಿಲಿಗ್ರಾಂ ಕೆಫೀನ್. 150 ಮಿಲಿಲೀಟರ್ ಪುಡಿಯಿಂದ ಇಳಿಸಿದ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್‌ನಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65. ಗರ್ಭಿಣಿಯರು ಇದಕ್ಕಿಂತ ಕಡಿಮೆ ಕುಡಿಯಬೇಕು, ಅವರು ಡಾಕ್ಟರನ್ನು ಕೇಳಲಿ. ಖಾಲಿ ಹೊಟ್ಟೆ ಕಾಫಿಗೆ ಎದೆ ಉರಿ ಬರುವವರು ತಿಂಡಿ ಆದ ಮೇಲೆಯೇ ಕುಡಿಯಿರಿ.

ಡೈರಿ ಮುಚ್ಚಿ ಡಾಕ್ಟರ ಹತ್ತಿರ ಹೋಗಬೇಕಾದಾಗ

ಮಲದಲ್ಲಿ ರಕ್ತ ಕಂಡರೆ, ಕಬ್ಬಿಣದ ಮಾತ್ರೆ ಇಲ್ಲದೆಯೂ ಡಾಂಬರಿನ ಹಾಗೆ ಕಪ್ಪಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತ ಕಡಿಮೆ ಆಗಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿ ಭೇದಿ ಆಗುತ್ತಿದ್ದರೆ ಈ ಎರಡು ವಾರದ ಪರೀಕ್ಷೆಗೆ ಕೂರಬೇಡಿ, ನೇರ ಹೋಗಿ. ಹೊಟ್ಟೆ ಉಬ್ಬಿ, ವಾಂತಿ ಬಂದು, ಗಾಳಿಯೂ ಹೋಗದಿದ್ದರೆ ಅವತ್ತೇ ಆಸ್ಪತ್ರೆ. 45 ದಾಟಿದ ಮೇಲೆ, ವರ್ಷಗಳಿಂದ ಇದ್ದ ಅಭ್ಯಾಸ ಇದ್ದಕ್ಕಿದ್ದಂತೆ ಬದಲಾಗಿ ಕೆಲವು ವಾರ ಹಾಗೇ ಉಳಿದರೂ ತೋರಿಸಬೇಕು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರಂತೂ ತಡ ಮಾಡಲೇಬೇಡಿ. ಹೊಸದಾಗಿ ಶುರುವಾದ ಬಿಪಿ ಮಾತ್ರೆ, ನೋವಿನ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಕೆಲವು ಮಲವನ್ನು ಗಟ್ಟಿ ಮಾಡುತ್ತವೆ, ಮಾತ್ರೆಗಳ ಪಟ್ಟಿಯನ್ನೂ ಡೈರಿಯನ್ನೂ ತಗೊಂಡು ಹೋಗಿ.

ಅಕ್ಕ ಎಂಟು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟಳು. ಡೋಸ್ ಅದೇ, ಟಿಎಸ್‌ಎಚ್ 3ರ ಹತ್ತಿರ ಬಂದಿತ್ತು. ಅವತ್ತು ಬೆಳಿಗ್ಗೆ ಕಾಫಿ ಇಲ್ಲದೆ ಲ್ಯಾಬಿಗೆ ಹೊರಟವಳು, ಚಪ್ಪಲಿ ಹಾಕಿಕೊಂಡ ಮೇಲೆ ಮತ್ತೆ ಒಳಗೆ ಹೋಗಿ, ಆರು ನಿಮಿಷದಲ್ಲಿ ಬಂದಳಂತೆ. ಲ್ಯಾಬಿನ ಕ್ಯೂನಲ್ಲಿ ನಿಂತೇ ನನಗೆ ಮೆಸೇಜ್ ಹಾಕಿದ್ದಳು: "ನೀರು ಕುಡ್ದು ಹಾಲ್ ತಂದೆ ಅಷ್ಟೇ ಕಣೇ. ನಂಬರ್ 4."